ಕೋ-ಪೇಮೆಂಟೋ ಡಿಡಕ್ಟಿಬಲ್ಲೋ: ಆಸ್ಪತ್ರೆಯ ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು?

ಅರವತ್ತು ದಾಟಿದ ತಂದೆ ತಾಯಿಗೆ ಆರೋಗ್ಯ ವಿಮೆ ಮಾಡಿಸಲು ತುಮಕೂರಿನಲ್ಲಿ ವಿಚಾರಿಸಲು ಹೊರಟವರ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ಪಾಲಿಸಿಗಳು ಬರುತ್ತವೆ. ಒಂದರಲ್ಲಿ ಪ್ರತಿ ಕ್ಲೇಮಿನಲ್ಲೂ ಶೇಕಡಾ 10 ಅಥವಾ 20ರಷ್ಟನ್ನು ಪಾಲಿಸಿದಾರರೇ ಭರಿಸಬೇಕು, ಇದು ಕೋ-ಪೇಮೆಂಟ್. ಇನ್ನೊಂದರಲ್ಲಿ ಮೊದಲ 25,000 ಅಥವಾ 50,000 ರೂಪಾಯಿಯನ್ನು ಪಾಲಿಸಿದಾರರು ಭರಿಸಿದ ಮೇಲಷ್ಟೇ ಕಂಪನಿಯ ಹೊಣೆ ಆರಂಭವಾಗುತ್ತದೆ, ಇದು ಡಿಡಕ್ಟಿಬಲ್. ಎರಡರಲ್ಲೂ ಪ್ರೀಮಿಯಂ ಕಡಿಮೆಯಾಗುವುದರಿಂದ, ಎರಡೂ ಒಂದೇ ತೂಕದ ಷರತ್ತುಗಳೆಂಬ ಭಾವನೆಯಲ್ಲಿ ಅನೇಕರು ಪ್ರೀಮಿಯಂ ಮೊತ್ತವನ್ನಷ್ಟೇ ನೋಡಿ ಸಹಿ ಹಾಕಿಬಿಡುತ್ತಾರೆ. ಆದರೆ ಆಸ್ಪತ್ರೆಯ ಬಿಲ್ಲು ದೊಡ್ಡದಾದಂತೆ ಇವೆರಡರ ನಡವಳಿಕೆ ಒಂದಕ್ಕೊಂದು ವಿರುದ್ಧವಾಗಿರುತ್ತದೆ: ಡಿಡಕ್ಟಿಬಲ್ ಒಂದು ಮೊತ್ತಕ್ಕೆ ಬಂದು ನಿಲ್ಲುತ್ತದೆ, ಕೋ-ಪೇಮೆಂಟ್ ಬಿಲ್ಲಿನೊಂದಿಗೆ ಬೆಳೆಯುತ್ತಲೇ ಹೋಗುತ್ತದೆ.

ಎರಡಕ್ಕೂ ಸಮಾನವಾದ ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಲೆಕ್ಕ ಆರಂಭವಾಗುವುದು ಆಸ್ಪತ್ರೆಯ ಒಟ್ಟು ಬಿಲ್ಲಿನಿಂದಲ್ಲ, ಪಾಲಿಸಿಯ ನಿಯಮದ ಪ್ರಕಾರ ಅಂಗೀಕಾರವಾಗುವ ಮೊತ್ತದಿಂದ. ಕೈಗವಸು, ನೋಂದಣಿ ಶುಲ್ಕ, ಜೊತೆಯಲ್ಲಿದ್ದವರ ಊಟ, ಇಂಥವು ಬಹಳಷ್ಟು ಪಾಲಿಸಿಗಳಲ್ಲಿ ಮೊದಲೇ ಕಳೆದುಹೋಗುತ್ತವೆ, ಮತ್ತು ಅವನ್ನು ಪೂರ್ತಿಯಾಗಿ ನಾವೇ ಕೊಡಬೇಕು. ಪಾಲಿಸಿಯಲ್ಲಿ ಕೋಣೆ ಬಾಡಿಗೆಗೆ ಮಿತಿಯಿದ್ದು, ಅದನ್ನು ಮೀರಿದ ಕೋಣೆಯನ್ನು ತೆಗೆದುಕೊಂಡರೆ ಅದರ ಜೊತೆಗೆ ಬೇರೆ ಶುಲ್ಕಗಳಲ್ಲೂ ಅದೇ ಪ್ರಮಾಣದ ಕಡಿತವಾಗಬಹುದು. ಇವೆಲ್ಲ ಕಳೆದು ಉಳಿದ ಮೊತ್ತದ ಮೇಲೆ ಕೋ-ಪೇಮೆಂಟ್ ಅಥವಾ ಡಿಡಕ್ಟಿಬಲ್ ಅನ್ವಯವಾಗುತ್ತದೆ. ಆದ್ದರಿಂದ "ಶೇಕಡಾ 20 ಮಾತ್ರ ನಿಮ್ಮದು" ಎಂದು ಯಾರಾದರೂ ಹೇಳಿದರೆ, ಬಿಲ್ಲಿನ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚೇ ಕೈಯಿಂದ ಹೋಗುತ್ತದೆಂದು ತಿಳಿದುಕೊಳ್ಳುವುದು ಕ್ಷೇಮ.

ಒಂದೇ ವರ್ಷದ ಎರಡು ಬಿಲ್ಲು

ಅಂಕಿಗಳಿಲ್ಲದೆ ಈ ವ್ಯತ್ಯಾಸ ಮನಸ್ಸಿಗೆ ಇಳಿಯುವುದಿಲ್ಲ. ತುಮಕೂರಿನ ನಿವೃತ್ತ ಶಿಕ್ಷಕರೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ವಯಸ್ಸು 64, ವಿಮಾ ಮೊತ್ತ 10 ಲಕ್ಷ ರೂಪಾಯಿ. ಪಾಲಿಸಿ ವರ್ಷದ ಎರಡನೇ ತಿಂಗಳಲ್ಲಿ ಡೆಂಗಿ ಜ್ವರದಿಂದ ಊರಿನ ಆಸ್ಪತ್ರೆಯಲ್ಲೇ ಐದು ದಿನ ದಾಖಲಾಗುತ್ತಾರೆ. ಬಿಲ್ಲು 38,000 ರೂಪಾಯಿ. ಅದರಲ್ಲಿ 3,000 ರೂಪಾಯಿ ವಿಮೆಗೆ ಒಳಪಡದ ವಸ್ತುಗಳದ್ದು, ಅಂಗೀಕಾರವಾಗುವುದು 35,000. ಅದೇ ವರ್ಷ ಕೆಲವು ತಿಂಗಳ ನಂತರ ಎದೆನೋವು ಕಾಣಿಸಿಕೊಂಡು ಬೆಂಗಳೂರಿನಲ್ಲಿ ಆಂಜಿಯೋಪ್ಲಾಸ್ಟಿ ಆಗುತ್ತದೆ. ಬಿಲ್ಲು 3,40,000, ಒಳಪಡದವು 20,000, ಅಂಗೀಕಾರವಾಗುವುದು 3,20,000.

ಇವರದು ಶೇಕಡಾ 20ರ ಕೋ-ಪೇಮೆಂಟ್ ಇರುವ ಪಾಲಿಸಿಯಾಗಿದ್ದರೆ, ಜ್ವರದ ಬಿಲ್ಲಿನಲ್ಲಿ 35,000ಕ್ಕೆ 7,000 ರೂಪಾಯಿ, ಅದರ ಮೇಲೆ ಒಳಪಡದ 3,000, ಒಟ್ಟು 10,000 ರೂಪಾಯಿ ಕೈಯಿಂದ ಹೋಗುತ್ತದೆ. ಆಂಜಿಯೋಪ್ಲಾಸ್ಟಿಯಲ್ಲಿ 64,000 ಮತ್ತು 20,000 ಸೇರಿ 84,000. ವರ್ಷದ ಲೆಕ್ಕ 94,000 ರೂಪಾಯಿ.

ಕೋ-ಪೇಮೆಂಟ್ ಇಲ್ಲದೆ ವರ್ಷಕ್ಕೆ 50,000 ರೂಪಾಯಿ ಡಿಡಕ್ಟಿಬಲ್ ಇರುವ ಪಾಲಿಸಿಯಾಗಿದ್ದರೆ, ಜ್ವರದ ಬಿಲ್ಲು ಪೂರ್ತಿ, ಅಂದರೆ 38,000 ರೂಪಾಯಿ, ತಾವೇ ಕಟ್ಟಬೇಕು. ವಿಮೆ ಮಾಡಿಸಿದ್ದಕ್ಕೆ ಅರ್ಥವೇನು ಎಂಬ ಮಾತು ಮನೆಯಲ್ಲಿ ಬರುವುದು ಇಂಥ ಹೊತ್ತಿನಲ್ಲೇ. ಆದರೆ ಆ ಬಿಲ್ಲಿನ ಅಂಗೀಕೃತ ಭಾಗವಾದ 35,000 ರೂಪಾಯಿ ವರ್ಷದ ಡಿಡಕ್ಟಿಬಲ್ ಖಾತೆಗೆ ಜಮೆಯಾಗಿರುತ್ತದೆ. ಹೀಗಾಗಿ ಆಂಜಿಯೋಪ್ಲಾಸ್ಟಿಯ ವೇಳೆಗೆ ಬಾಕಿ ಇರುವುದು 15,000 ಮಾತ್ರ. ಅದಕ್ಕೆ ಒಳಪಡದ 20,000 ಸೇರಿಸಿದರೆ 35,000. ವರ್ಷದ ಒಟ್ಟು 73,000 ರೂಪಾಯಿ, ಅಂದರೆ ಕೋ-ಪೇಮೆಂಟ್ ಪಾಲಿಸಿಗಿಂತ 21,000 ಕಡಿಮೆ. ಆ ವರ್ಷ ಮೂರನೆಯ ಸಲ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಅಂತರ ಇನ್ನೂ ಹಿಗ್ಗುತ್ತದೆ, ಏಕೆಂದರೆ ಡಿಡಕ್ಟಿಬಲ್ ಆಗಲೇ ತೀರಿದೆ, ಕೋ-ಪೇಮೆಂಟ್ ತೀರುವುದೆಂಬುದೇ ಇಲ್ಲ.

ಇನ್ನು ಇದೇ 50,000 ರೂಪಾಯಿ ಡಿಡಕ್ಟಿಬಲ್, ವರ್ಷಕ್ಕೆ ಎನ್ನುವ ಬದಲು ಪ್ರತಿ ಕ್ಲೇಮಿಗೆ ಎಂದು ಬರೆದಿದ್ದರೆ ಏನಾಗುತ್ತದೆ ನೋಡಿ. ಜ್ವರದ 38,000 ಮೊದಲಿನಂತೆಯೇ ಪೂರ್ತಿ ನಮ್ಮದು. ಆಂಜಿಯೋಪ್ಲಾಸ್ಟಿಯಲ್ಲಿ ಮತ್ತೆ ಹೊಸದಾಗಿ 50,000, ಅದರ ಮೇಲೆ 20,000, ಸೇರಿ 70,000. ವರ್ಷದ ಒಟ್ಟು 1,08,000 ರೂಪಾಯಿ. ಅತ್ಯಂತ ಅಗ್ಗವಾಗಿದ್ದ ಆಯ್ಕೆ ಒಂದೇ ಪದದ ಬದಲಾವಣೆಯಿಂದ ಅತ್ಯಂತ ದುಬಾರಿಯಾಯಿತು. ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್ ಎಂಬ ಹೆಸರಿನ ಪಾಲಿಸಿಗಳ ನಡುವಿನ ಮುಖ್ಯ ವ್ಯತ್ಯಾಸವೂ ಸಾಮಾನ್ಯವಾಗಿ ಇದೇ: ಮೊದಲನೆಯದರಲ್ಲಿ ಪ್ರತಿ ಕ್ಲೇಮೂ ಬೇರೆಬೇರೆಯಾಗಿ ಡಿಡಕ್ಟಿಬಲ್ ದಾಟಬೇಕು, ಎರಡನೆಯದರಲ್ಲಿ ವರ್ಷದ ಬಿಲ್ಲುಗಳನ್ನು ಕೂಡಿಸಿ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಪ್ರತಿ ಕ್ಲೇಮಿಗೆ ಅನ್ವಯವಾಗುವ ಡಿಡಕ್ಟಿಬಲ್ಲನ್ನು ವಯಸ್ಸಾದವರ ಪಾಲಿಸಿಯಲ್ಲಿ ಒಪ್ಪಿಕೊಳ್ಳಲೇಬಾರದು. ಪ್ರೀಮಿಯಂನಲ್ಲಿ ಉಳಿಯುವ ಒಂದೆರಡು ಸಾವಿರ ರೂಪಾಯಿ ಎರಡನೆಯ ಬಾರಿ ಆಸ್ಪತ್ರೆ ಸೇರಿದಾಗ ಯಾವ ಮೂಲೆಗೂ ಸಾಲುವುದಿಲ್ಲ.

ಡಿಡಕ್ಟಿಬಲ್ ವರ್ಷಕ್ಕೋ, ಒಬ್ಬೊಬ್ಬರಿಗೋ, ಒಂದೊಂದು ಘಟನೆಗೋ ಎಂಬುದನ್ನು ಕಂಪನಿ ಪಾಲಿಸಿಯಲ್ಲಿ ಸ್ಪಷ್ಟವಾಗಿ ಹೇಳಬೇಕೆಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ. ಗಂಡ ಹೆಂಡತಿ ಇಬ್ಬರೂ ಬೇರೆಬೇರೆ ಪಾಲಿಸಿ ತೆಗೆದುಕೊಂಡರೆ ಎರಡು ಡಿಡಕ್ಟಿಬಲ್‌ಗಳಾಗುತ್ತವೆ. ಇಬ್ಬರೂ ಒಂದೇ ಫ್ಲೋಟರ್ ಪಾಲಿಸಿಯಲ್ಲಿದ್ದು ಡಿಡಕ್ಟಿಬಲ್ ಇಡೀ ಪಾಲಿಸಿಗೆ ಒಂದೇ ಎಂದಿದ್ದರೆ, ಇಬ್ಬರ ಬಿಲ್ಲೂ ಸೇರಿ ಅದನ್ನು ತುಂಬುತ್ತವೆ.

ಎಲ್ಲಿಯವರೆಗೆ ಯಾವುದು ಲಾಭ

ಎರಡು ಕೊಟೇಶನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಲು ಒಂದು ಸಣ್ಣ ಭಾಗಾಕಾರ ಸಾಕು. ಡಿಡಕ್ಟಿಬಲ್ ಮೊತ್ತವನ್ನು ಕೋ-ಪೇಮೆಂಟಿನ ಶೇಕಡಾವಾರು ಪ್ರಮಾಣದಿಂದ ಭಾಗಿಸಿದರೆ, ಎರಡೂ ಸರಿಸಮವಾಗುವ ಬಿಲ್ಲಿನ ಮೊತ್ತ ಸಿಗುತ್ತದೆ. 50,000 ರೂಪಾಯಿ ಡಿಡಕ್ಟಿಬಲ್ ಮತ್ತು ಶೇಕಡಾ 20ರ ಕೋ-ಪೇಮೆಂಟಿಗೆ ಆ ಮೊತ್ತ 2,50,000. ವರ್ಷದಲ್ಲಿ ಅಂಗೀಕಾರವಾಗುವ ಬಿಲ್ಲುಗಳೆಲ್ಲ ಸೇರಿ ಇದಕ್ಕಿಂತ ಕಡಿಮೆಯಿದ್ದರೆ ಕೋ-ಪೇಮೆಂಟಿನಲ್ಲಿ ಕೈಯಿಂದ ಹೋಗುವುದು ಕಡಿಮೆ. ಮೀರಿದರೆ ಡಿಡಕ್ಟಿಬಲ್ ಲಾಭ. ಕೋ-ಪೇಮೆಂಟ್ ಶೇಕಡಾ 10 ಮಾತ್ರವಾಗಿದ್ದರೆ ಸಮಬಿಂದು 5 ಲಕ್ಷಕ್ಕೆ ಏರುತ್ತದೆ. ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ 2020ರಲ್ಲಿ ಎಲ್ಲ ಕಂಪನಿಗಳೂ ತಂದ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲಿ ಕೋ-ಪೇಮೆಂಟ್ ಶೇಕಡಾ 5ರಷ್ಟೇ ಇದ್ದು, ಅದರ ಎದುರು 50,000ದ ಡಿಡಕ್ಟಿಬಲ್ ಲಾಭ ತರಬೇಕಾದರೆ ಬಿಲ್ಲು 10 ಲಕ್ಷ ದಾಟಬೇಕು. ಅಂಥ ಸಂದರ್ಭದಲ್ಲಿ ಕೋ-ಪೇಮೆಂಟಿಗೆ ಹೆದರುವ ಅಗತ್ಯವಿಲ್ಲ. ಆ ಪಾಲಿಸಿಯಲ್ಲಿ ನೋಡಬೇಕಾದದ್ದು ಕೋಣೆ ಬಾಡಿಗೆಯ ಮಿತಿಯನ್ನು.

ಪ್ರೀಮಿಯಂನಲ್ಲಿ ಅಂತರವಿದ್ದರೆ ಅದನ್ನೂ ಲೆಕ್ಕಕ್ಕೆ ತರಬೇಕು. ಡಿಡಕ್ಟಿಬಲ್ ಪಾಲಿಸಿಯ ಪ್ರೀಮಿಯಂ 4,000 ರೂಪಾಯಿ ಹೆಚ್ಚಿದ್ದರೆ, 50,000ಕ್ಕೆ ಆ 4,000 ಸೇರಿಸಿ ಭಾಗಿಸಿದಾಗ ಸಮಬಿಂದು 2,70,000 ಆಗುತ್ತದೆ. ಕಡಿಮೆಯಿದ್ದರೆ ಅಷ್ಟನ್ನು ಕಳೆದು ಭಾಗಿಸಬೇಕು.

ಆದರೆ ಸಮಬಿಂದುವೊಂದೇ ತೀರ್ಮಾನ ಕೊಡುವುದಿಲ್ಲ, ಏಕೆಂದರೆ ಬಿಂದುವಿನ ಎರಡು ಬದಿಯ ನಷ್ಟಗಳೂ ಒಂದೇ ಗಾತ್ರದವಲ್ಲ. ಡಿಡಕ್ಟಿಬಲ್ ಆಯ್ದುಕೊಂಡು ಸಣ್ಣ ಬಿಲ್ಲು ಬಂದರೆ, ಕೋ-ಪೇಮೆಂಟಿಗೆ ಹೋಲಿಸಿದಾಗ ಆಗುವ ಹೆಚ್ಚಿನ ಹೊರೆ 40,000 ರೂಪಾಯಿಯನ್ನು ದಾಟುವುದಿಲ್ಲ. ಅದೂ ಬಿಲ್ಲು ಸರಿಯಾಗಿ 50,000 ಬಂದಾಗ ಮಾತ್ರ. ಕೋ-ಪೇಮೆಂಟ್ ಆಯ್ದುಕೊಂಡು 8 ಲಕ್ಷದ ಬಿಲ್ಲು ಬಂದರೆ ಶೇಕಡಾ 20 ಎಂದರೆ 1,60,000, ಅಂದರೆ ಡಿಡಕ್ಟಿಬಲ್‌ಗಿಂತ 1,10,000 ಹೆಚ್ಚು. ವಿಮೆ ಮಾಡಿಸುವುದು ಮನೆಯ ಶಕ್ತಿಗೆ ಮೀರಿದ ವೆಚ್ಚಕ್ಕಾಗಿ ಎಂದಾದರೆ, ವೆಚ್ಚ ಮೀರಿದಾಗಲೇ ನಮ್ಮ ಪಾಲೂ ಬೆಳೆಯುವ ಷರತ್ತು ಆ ಉದ್ದೇಶಕ್ಕೇ ಅಡ್ಡ ಬರುತ್ತದೆ.

ಇದಕ್ಕೆ ಎದುರು ವಾದವೂ ಇದೆ, ಮತ್ತು ಅದು ಹಗುರವಾದುದಲ್ಲ. ಶ್ರೀನಿವಾಸಪುರದ ಮಾವಿನ ಬೆಳೆಗಾರರಿಗಾಗಲಿ, ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಮಾರುವವರಿಗಾಗಲಿ ಹಣ ಕೈಗೆ ಬರುವುದು ಬೆಳೆ ಮಾರಾಟವಾದಾಗ. ನಡುವಿನ ತಿಂಗಳಲ್ಲಿ ಜ್ವರವೋ ಉಬ್ಬಸವೋ ಬಂದು 40,000 ರೂಪಾಯಿ ಬಿಲ್ಲಾದರೆ, ಡಿಡಕ್ಟಿಬಲ್ ಪಾಲಿಸಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಚಿನ್ನ ಅಡವಿಡಬೇಕಾಗಿ ಬಂದರೆ ಬಡ್ಡಿಯೂ ಲೆಕ್ಕಕ್ಕೆ ಸೇರುತ್ತದೆ. ಉಬ್ಬಸ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಮುಂತಾದ ಕಾರಣಗಳಿಂದ ವರ್ಷಕ್ಕೊಂದು ಬಾರಿ ಸಣ್ಣ ಬಿಲ್ಲಿನ ದಾಖಲಾತಿ ಇದ್ದೇ ಇರುವ ಮನೆಯಲ್ಲಿ, ಕೂಡಿಟ್ಟ 50,000 ರೂಪಾಯಿ ಇಲ್ಲವಾದರೆ, ಶೇಕಡಾ 10ರ ಕೋ-ಪೇಮೆಂಟ್ ಸರಿಯಾದ ಆಯ್ಕೆ. ಡಿಡಕ್ಟಿಬಲ್ ಮೊತ್ತವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿ ಪ್ರತ್ಯೇಕವಾಗಿ ಇಡಬಲ್ಲ ಪಿಂಚಣಿದಾರರಿಗೆ ಮತ್ತು ಸಂಬಳದ ಮನೆಗಳಿಗೆ ನಾನು ಹೇಳುವುದು ವಾರ್ಷಿಕ ಡಿಡಕ್ಟಿಬಲ್ಲನ್ನೇ.

ಮಗ ಅಥವಾ ಮಗಳು ನರಸಾಪುರ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿದ್ದು, ಅಲ್ಲಿನ ಗುಂಪು ವಿಮೆಯಲ್ಲಿ ತಂದೆ ತಾಯಿಗೂ 2 ಲಕ್ಷ ರೂಪಾಯಿಯ ರಕ್ಷಣೆ ಇದ್ದರೆ, 2 ಲಕ್ಷದ ಡಿಡಕ್ಟಿಬಲ್ ಇರುವ ಸೂಪರ್ ಟಾಪ್-ಅಪ್ ಅದಕ್ಕೆ ಚೆನ್ನಾಗಿ ಹೊಂದುತ್ತದೆ: ಮೊದಲ 2 ಲಕ್ಷವನ್ನು ಗುಂಪು ವಿಮೆ ಕೊಟ್ಟರೂ ಸರಿ, ಮನೆಯವರು ಕೊಟ್ಟರೂ ಸರಿ, ಸೂಪರ್ ಟಾಪ್-ಅಪ್‌ಗೆ ವ್ಯತ್ಯಾಸವಿಲ್ಲ. ಕೆಲಸ ಬಿಟ್ಟ ದಿನ ಗುಂಪು ವಿಮೆ ನಿಂತು, ಆ 2 ಲಕ್ಷವೂ ಕೈಯಿಂದಲೇ ಹೋಗಬೇಕಾಗುತ್ತದೆ ಎಂಬುದು ಮಾತ್ರ ನೆನಪಿನಲ್ಲಿರಬೇಕು.

ಬೆಂಗಳೂರಿಗೆ ಹೋದರೆ ಇನ್ನೊಂದು ಕಡಿತ

ನಮ್ಮ ಜಿಲ್ಲೆಗಳ ಪಾಲಿಸಿದಾರರು ವಿಶೇಷವಾಗಿ ಗಮನಿಸಬೇಕಾದದ್ದು ವಲಯ ಆಧಾರಿತ ಕೋ-ಪೇಮೆಂಟ್. ಕೆಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ, ಚಿಕಿತ್ಸೆ ದುಬಾರಿಯಾದ ಮಹಾನಗರಗಳಿಗೆ ಹೆಚ್ಚಿನ ಪ್ರೀಮಿಯಂ, ಉಳಿದ ಊರುಗಳಿಗೆ ಕಡಿಮೆ ಪ್ರೀಮಿಯಂ ನಿಗದಿ ಮಾಡುತ್ತವೆ. ಕಡಿಮೆ ವಲಯದ ಪ್ರೀಮಿಯಂ ಕಟ್ಟಿದವರು ಮೇಲಿನ ವಲಯದಲ್ಲಿ ಚಿಕಿತ್ಸೆ ಪಡೆದರೆ, ಅಂಥ ಪಾಲಿಸಿಗಳಲ್ಲಿ ಶೇಕಡಾ 10 ಅಥವಾ 20ರಷ್ಟು ಹೆಚ್ಚುವರಿ ಕೋ-ಪೇಮೆಂಟ್ ಬೀಳುತ್ತದೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ವಿಳಾಸಕ್ಕೆ ಕಡಿಮೆ ಪ್ರೀಮಿಯಂ ಬಂದಾಗ ಖುಷಿಯಾಗುವುದು ಸಹಜ. ಆದರೆ ಇಲ್ಲಿ ಜ್ವರ, ಹೆರಿಗೆ, ಹರ್ನಿಯಾಗಳಿಗೆ ಊರಿನ ಆಸ್ಪತ್ರೆ ಸಾಕಾದರೂ, ಹೃದಯ, ಮೆದುಳು, ಕ್ಯಾನ್ಸರ್ ಎಂದ ಕೂಡಲೇ ಆಂಬುಲೆನ್ಸ್ ಬೆಂಗಳೂರಿನ ಹೆದ್ದಾರಿ ಹಿಡಿಯುತ್ತದೆ. ಅಂದರೆ ದೊಡ್ಡ ಬಿಲ್ಲಿಗೇ ಈ ಹೆಚ್ಚುವರಿ ಕಡಿತ ಅಂಟಿಕೊಳ್ಳುತ್ತದೆ.

ನಮ್ಮ ಉದಾಹರಣೆಯ ಶಿಕ್ಷಕರ ಕೋ-ಪೇಮೆಂಟ್ ಪಾಲಿಸಿಯಲ್ಲಿ ವಯಸ್ಸಿನ ಕಾರಣಕ್ಕೆ ಶೇಕಡಾ 20 ಇದ್ದು, ವಲಯದ ಕಾರಣಕ್ಕೆ ಇನ್ನು ಶೇಕಡಾ 10 ಇದೆಯೆಂದುಕೊಳ್ಳಿ. ಎರಡನ್ನೂ ಕೂಡಿಸಿ ಶೇಕಡಾ 30 ಎಂದರೆ ಆಂಜಿಯೋಪ್ಲಾಸ್ಟಿಯ 3,20,000ದಲ್ಲಿ 96,000 ಅವರದು. ಒಂದಾದ ಮೇಲೊಂದರಂತೆ ಕಳೆದರೆ, ಮೊದಲು 64,000 ಹೋಗಿ ಉಳಿದ 2,56,000ಕ್ಕೆ ಶೇಕಡಾ 10, ಅಂದರೆ 25,600, ಒಟ್ಟು 89,600. ಯಾವ ಕ್ರಮ ಎಂಬುದು ಪಾಲಿಸಿಯ ಪಠ್ಯದಲ್ಲಿರುತ್ತದೆ. ಡಿಡಕ್ಟಿಬಲ್ ಮತ್ತು ಕೋ-ಪೇಮೆಂಟ್ ಎರಡೂ ಇರುವ ಪಾಲಿಸಿಯಲ್ಲೂ ಇದೇ ಪ್ರಶ್ನೆ ಏಳುತ್ತದೆ. ಡಿಡಕ್ಟಿಬಲ್ ಮೊದಲು ಕಳೆದು ಉಳಿದದ್ದಕ್ಕೆ ಕೋ-ಪೇಮೆಂಟ್ ಹಾಕಿದರೆ ಪಾಲಿಸಿದಾರರಿಗೆ ಹೊರೆ ಕಡಿಮೆ.

ಇವೆಲ್ಲವನ್ನೂ ನೂರು ಪುಟದ ಪಾಲಿಸಿಯಲ್ಲಿ ಹುಡುಕಬೇಕಾಗಿಲ್ಲ. ಪಾಲಿಸಿಯೊಂದಿಗೆ ಬರುವ ಗ್ರಾಹಕ ಮಾಹಿತಿ ಪತ್ರದಲ್ಲಿ ಕೋ-ಪೇಮೆಂಟ್, ಡಿಡಕ್ಟಿಬಲ್, ಉಪಮಿತಿಗಳಿಗೆ ಪ್ರತ್ಯೇಕ ಸಾಲುಗಳಿರುತ್ತವೆ, ಮತ್ತು ಅದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಬಹುದು. ಅದರಲ್ಲಿ ಬೆಂಗಳೂರಿನ ಚಿಕಿತ್ಸೆಯ ಕುರಿತು ಸ್ಪಷ್ಟವಾಗದಿದ್ದರೆ, ಹಣ ಕಟ್ಟುವ ಮೊದಲೇ ಕಂಪನಿಗೆ ಇಮೇಲ್ ಕಳಿಸಿ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು. ಏಜೆಂಟರ ಬಾಯಿಮಾತು ಕ್ಲೇಮಿನ ದಿನ ಕೆಲಸಕ್ಕೆ ಬರುವುದಿಲ್ಲ. ಪಾಲಿಸಿ ಕೈಗೆ ಬಂದ ನಂತರ ಬೇರೆಯೇ ಷರತ್ತು ಕಂಡರೆ, 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಅವಕಾಶವಿದೆ. ಕೆಲವು ಪಾಲಿಸಿಗಳಲ್ಲಿ ಹೆಚ್ಚಿನ ಪ್ರೀಮಿಯಂ ಕಟ್ಟಿ ವಲಯದ ಅಥವಾ ವಯಸ್ಸಿನ ಕೋ-ಪೇಮೆಂಟನ್ನು ತೆಗೆಸಿಹಾಕಬಹುದು. ಬೆಂಗಳೂರಿನ ಚಿಕಿತ್ಸೆ ಖಚಿತವೆನಿಸುವ ಮನೆಗಳಿಗೆ ಆ ಹಣ ದಂಡವಲ್ಲ.

ಡಿಡಕ್ಟಿಬಲ್ ತುಂಬಿದ್ದನ್ನು ತೋರಿಸುವುದು

ವಾರ್ಷಿಕ ಡಿಡಕ್ಟಿಬಲ್ ಆಯ್ದುಕೊಂಡವರಲ್ಲಿ ಬಹುಮಂದಿ ಎಡವುವ ಜಾಗ ಒಂದಿದೆ. ಜ್ವರದ 38,000ದ ಬಿಲ್ಲಿಗೆ ಕಂಪನಿ ಏನೂ ಕೊಡುವುದಿಲ್ಲವೆಂದು ಗೊತ್ತಿರುವುದರಿಂದ, ಆ ದಾಖಲಾತಿಯ ವಿಷಯವನ್ನೇ ಅವರು ಕಂಪನಿಗೆ ತಿಳಿಸುವುದಿಲ್ಲ. ನಂತರ ಆಂಜಿಯೋಪ್ಲಾಸ್ಟಿಯ ವೇಳೆ ಕಂಪನಿಯ ದಾಖಲೆಯಲ್ಲಿ ಆ ವರ್ಷದ ಡಿಡಕ್ಟಿಬಲ್ ಖಾತೆ ಖಾಲಿಯಿರುತ್ತದೆ. 15,000 ಕಳೆಯಬೇಕಾದಲ್ಲಿ ಪೂರ್ತಿ 50,000 ಕಳೆಯುತ್ತಾರೆ. ಆದ್ದರಿಂದ ಹಣ ಬರುವುದಿಲ್ಲವೆಂದು ಗೊತ್ತಿದ್ದರೂ ಪ್ರತಿ ದಾಖಲಾತಿಯನ್ನೂ ಪಾಲಿಸಿ ಹೇಳಿದ ಅವಧಿಯಲ್ಲೇ ತಿಳಿಸಿ, ಬಿಡುಗಡೆ ಪತ್ರ, ವಿವರವಾದ ಬಿಲ್ಲು, ಹಣ ಕಟ್ಟಿದ ರಸೀದಿ, ಪರೀಕ್ಷಾ ವರದಿಗಳನ್ನು ಸಲ್ಲಿಸಿ, "ಡಿಡಕ್ಟಿಬಲ್‌ಗೆ ಜಮೆ" ಎಂಬ ಅರ್ಥದ ಲಿಖಿತ ಒಪ್ಪಿಗೆಯನ್ನು ಪಡೆದಿಟ್ಟುಕೊಳ್ಳಬೇಕು. ಗುಂಪು ವಿಮೆ ಹಣ ಕೊಟ್ಟಿದ್ದರೆ ಅದರ ಸೆಟಲ್‌ಮೆಂಟ್ ಪತ್ರವೇ ಪುರಾವೆಯಾಗುತ್ತದೆ.

ಎಲ್ಲ ಖರ್ಚೂ ಡಿಡಕ್ಟಿಬಲ್ಲನ್ನು ತುಂಬುವುದಿಲ್ಲ ಎಂಬುದೂ ಇದಕ್ಕೆ ಸೇರಿದ ಮಾತು. ಪಾಲಿಸಿಯಲ್ಲಿ ಹೊರರೋಗಿ ವೆಚ್ಚಕ್ಕೆ ರಕ್ಷಣೆ ಇಲ್ಲದಿದ್ದರೆ, ತಿಂಗಳು ತಿಂಗಳು ಕೊಳ್ಳುವ ಬಿಪಿ ಮಾತ್ರೆಯ ರಸೀದಿಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದಾಗಿದ್ದು, ಆ ಅವಧಿಯೊಳಗಿನ ಅಂಥ ಕಾಯಿಲೆಯ ಬಿಲ್ಲೂ ಜಮೆಯಾಗುವುದಿಲ್ಲ. ನವೀಕರಣದ ದಿನ ಲೆಕ್ಕ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಹಾಗಾಗಿ ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಬೇಕಿದ್ದು ವೈದ್ಯರು ಅವಸರವಿಲ್ಲ ಎಂದಿದ್ದರೆ, ಎರಡನ್ನೂ ಒಂದೇ ಪಾಲಿಸಿ ವರ್ಷದೊಳಗೆ ಮಾಡಿಸುವುದು ಜಾಣತನ. ಕೋ-ಪೇಮೆಂಟ್ ಪಾಲಿಸಿಯಲ್ಲಿ ಇಂಥ ಯೋಚನೆಯ ಗೊಡವೆಯಿಲ್ಲ. ಯಾವಾಗ ಮಾಡಿಸಿದರೂ ಪ್ರಮಾಣ ಅದೇ.

ಕ್ಯಾಶ್‌ಲೆಸ್ ಚಿಕಿತ್ಸೆಯಾದರೆ, ಬಿಡುಗಡೆಯ ದಿನ ಆಸ್ಪತ್ರೆಯ ವಿಮಾ ಕೌಂಟರಿಗೆ ಅಂತಿಮ ಮಂಜೂರಾತಿ ಪತ್ರ ಬರುತ್ತದೆ. ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಕಂಪನಿ ಅದನ್ನು ಕಳಿಸಬೇಕೆಂಬ ನಿಯಮ 2024ರಿಂದ ಇದೆ. ಹಣ ಕಟ್ಟುವ ಮೊದಲು ಆ ಪತ್ರದ ಪ್ರತಿಯನ್ನು ಕೇಳಿ ಪಡೆದು ನಾಲ್ಕು ಅಂಕಿಗಳನ್ನು ನೋಡಬೇಕು: ಒಟ್ಟು ಬಿಲ್ಲು, ಒಳಪಡದ ಮೊತ್ತ, ಕೋ-ಪೇಮೆಂಟ್ ಅಥವಾ ಡಿಡಕ್ಟಿಬಲ್, ಮಂಜೂರಾದ ಮೊತ್ತ. ಮೇಲಿನ ಉದಾಹರಣೆಯ ಶೇಕಡಾ 20ರ ಕೋ-ಪೇಮೆಂಟ್ ಸಾಲಿನಲ್ಲಿ 64,000ದ ಬದಲು 68,000 ಎಂದಿದ್ದರೆ, ಒಟ್ಟು ಬಿಲ್ಲಾದ 3,40,000ದ ಮೇಲೆ ಶೇಕಡಾ ಹಾಕಿದ್ದಾರೆಂದು ತಿಳಿಯಬೇಕು. ಒಳಪಡದ 20,000ವನ್ನು ಪೂರ್ತಿ ಕೊಟ್ಟ ಮೇಲೂ ಅದರ ಐದರಲ್ಲೊಂದನ್ನು ಮತ್ತೊಮ್ಮೆ ಕೊಟ್ಟಂತಾಗುತ್ತದೆ. ಅಲ್ಲಿಯೇ ಕೌಂಟರಿನಲ್ಲಿ ತೋರಿಸಿ, ಕಂಪನಿಯಿಂದ ತಿದ್ದಿದ ಪತ್ರ ತರಿಸಿಕೊಳ್ಳಲು ಕೇಳಬಹುದು. ಅವಸರದಲ್ಲಿ ಹಣ ಕಟ್ಟಿ ಬಂದಿದ್ದರೂ ದಾರಿ ಮುಚ್ಚಿಲ್ಲ: ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆದು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮಂಜೂರಾತಿ ಪತ್ರದ ಪ್ರತಿ, ಗ್ರಾಹಕ ಮಾಹಿತಿ ಪತ್ರ ಮತ್ತು ಆಸ್ಪತ್ರೆಯ ವಿವರವಾದ ಬಿಲ್ಲು ಕೈಯಲ್ಲಿದ್ದರೆ ದೂರಿಗೆ ಬೇಕಾದ ಮುಖ್ಯ ಕಾಗದಗಳು ಇದ್ದಂತೆಯೇ.